ಸಣ್ಣ ಸಾಲಗಳಲ್ಲಿ ನಿರೀಕ್ಷಿತ ನಷ್ಟದ ಲೆಕ್ಕ

ಪ್ರಶ್ನೆ: ನಮ್ಮ ಪತ್ತಿನ ಸಂಘದ ಸಾಲ ಬಾಕಿ 50 ಲಕ್ಷ ರೂಪಾಯಿ. ವರ್ಷದ ನಷ್ಟ ಅಂದಾಜಿಸಲು ಸರಾಸರಿ ಹಿಡಿದರೆ ಸಾಕೇ?

ಸಾಲದು. ಸುಸ್ತಿಯಾಗುವ ಸಂಭವ, ಸುಸ್ತಿಯಾದಾಗ ವಸೂಲಾಗದೆ ಉಳಿಯುವ ಪಾಲು, ಆಗಿನ ಬಾಕಿ, ಈ ಮೂರನ್ನು ಪ್ರತಿ ಬಗೆಯ ಸಾಲಕ್ಕೂ ಬೇರೆಯಾಗಿ ಗುಣಿಸಿ, ಆಮೇಲೆ ಕೂಡಿಸಿ.

ಚಿನ್ನದ ಸಾಲ 30 ಲಕ್ಷ, ಸಂಭವ ಶೇ 2, ಮುಳುಗುವ ಪಾಲು ಶೇ 10 ಎಂದುಕೊಳ್ಳಿ: ನಷ್ಟ 6,000 ರೂಪಾಯಿ. ಜಾಮೀನು ಸಾಲ 20 ಲಕ್ಷ, ಸಂಭವ ಶೇ 6, ಮುಳುಗುವ ಪಾಲು ಶೇ 60 ಆದರೆ 72,000. ಒಟ್ಟು 78,000. ಇಡೀ ಬಾಕಿಗೆ ಸರಾಸರಿ ಶೇ 3.6 ಮತ್ತು ಶೇ 30 ಹಿಡಿದರೆ 54,000 ಮಾತ್ರ ಬರುತ್ತದೆ. ಹೆಚ್ಚು ಸುಸ್ತಿಯಾಗುವ ಸಾಲವೇ ಇಲ್ಲಿ ಕಡಿಮೆ ವಸೂಲಾಗುವ ಸಾಲವೂ ಹೌದು. ಸರಾಸರಿ ಆ ನಂಟನ್ನು ಅಳಿಸಿಹಾಕುತ್ತದೆ. ಮಳೆ ಕೈಕೊಟ್ಟ ವರ್ಷ ನಷ್ಟ 78,000ವನ್ನೂ ಮೀರಬಹುದು, ಅದಕ್ಕೆ ಬಂಡವಾಳವೇ ಆಸರೆ.