ಹೆಂಡತಿಗೆ ಬರೆಯುವ ಚೀಟಿ

"ಷೇರು ಮಾರ್ಕೆಟ್‌ನಲ್ಲಿ ಆಪ್ಶನ್ ಮಾರಿ 10 ಲಕ್ಷ ಇದ್ದದ್ದು 6 ಲಕ್ಷ ಆಗಿದೆ. ಹೆಂಡತಿಗೆ ಹೇಗೆ ಬರೆದು ತಿಳಿಸಲಿ?"

ಮೊದಲ ಸಾಲಿನಲ್ಲೇ ಅಂಕಿ ಬರೆಯಿರಿ. ನನಗೂ ಇಷ್ಟೇ ಹೋಗಿತ್ತು. ಸುರತ್ಕಲ್‌ನಲ್ಲಿದ್ದಾಗ ನನ್ನವಳಿಗೆ ಬರೆದದ್ದು ಹೀಗೆ:

"4 ಲಕ್ಷ ಹೋಯ್ತು ಮಾರಾಯ್ತಿ. ಮಾರ್ಕೆಟ್ ತಪ್ಪಲ್ಲ, ನಷ್ಟ ತಡೆಯಲು ಹಾಕಿದ್ದ ಸ್ಟಾಪ್‌ಲಾಸ್ ತೆಗೆದು ಲಾಟ್ ಜಾಸ್ತಿ ಮಾಡಿದ್ದು ನಾನೇ. ಸಾಲ ಇಲ್ಲ, ನಿನ್ನ ಚಿನ್ನ ಮುಟ್ಟಿಲ್ಲ. ಉಳಿದದ್ದರಲ್ಲಿ 4 ಲಕ್ಷ ತೆಗೆದು ನಿನ್ನ ಹೆಸರಲ್ಲಿ ಎಫ್‌ಡಿ ಇಡ್ತೇನೆ. ಆಪ್ಶನ್ ಮಾರುವುದು ಬಂದ್. 2 ಲಕ್ಷದಲ್ಲಿ ಷೇರು ಮಾತ್ರ, ಒಂದು ಟ್ರೇಡಿಗೆ 2,000 ನಷ್ಟದ ಮಿತಿ. 1.7 ಲಕ್ಷಕ್ಕೆ ಇಳಿದರೆ ನಿಲ್ಲಿಸ್ತೇನೆ."

ಮಿತಿ ಇದ್ದರೂ ಬೆಳಿಗ್ಗೆ ಷೇರು ತೀರಾ ಕೆಳಗೆ ಓಪನ್ ಆದರೆ ನಷ್ಟ ಜಾಸ್ತಿ ಆಗಬಹುದು, ಅದನ್ನೂ ಹೇಳಿ. "ಬೇಗ ವಾಪಸ್ ತರ್ತೇನೆ" ಅಂತ ಮಾತ್ರ ಬರೆಯಬೇಡಿ. 6 ಲಕ್ಷ ಮತ್ತೆ 10 ಆಗಲು ಶೇ. 67ರಷ್ಟು ಲಾಭ ಬೇಕು. ನನ್ನ ಲಾಟ್ ಜಾಸ್ತಿ ಮಾಡಿಸಿದ್ದೇ ಆ ಅವಸರ.