ದೂರು ಬರೆಯುವಾಗ ಕಂಡದ್ದು ಬೇರೆ, ಊಹಿಸಿದ್ದು ಬೇರೆ

ಓದುಗರ ಪತ್ರ: ಮಂಜೇಶ್ವರ ಕಡೆಯ ಒಂದು ಚಿನ್ನದ ಸಾಲದ ಶಾಖೆಯಲ್ಲಿ ನನಗೆ ಕೆಲಸ. ಸೀನಿಯರ್ ಒಬ್ಬರು ಭುಜ ಮುಟ್ಟುತ್ತಾರೆ, ರಾತ್ರಿ ಬೇಡದ ಮೆಸೇಜ್ ಕಳಿಸುತ್ತಾರೆ. ಬೇಡ ಎಂದು ಹೇಳಿಯೂ ಆಯಿತು. ಕೊನೆಯ ಮೆಸೇಜ್ ಬಂದದ್ದು ಜನವರಿ 23ಕ್ಕೆ. ನನ್ನ ಅಪ್ರೈಸಲ್ ಬರೆಯುವುದೂ ಅವರೇ. ಎಚ್‌ಆರ್‌ನವರು ಎರ್ನಾಕುಳಂನಲ್ಲಿದ್ದಾರೆ, ಅವರಿಗೆ ಕನ್ನಡ ಬಾರದು. ನಾನು ಬರೆದ ದೂರು ನನಗೇ ಜಗಳದ ಕಾಗದದಂತೆ ಕಾಣುತ್ತಿದೆ. ಅದನ್ನೂ, ಡೈರಿಯ ಟಿಪ್ಪಣಿಗಳನ್ನೂ ಜೊತೆಗಿಟ್ಟಿದ್ದೇನೆ. ಹೇಗೆ ಬರೆಯಲಿ?
– ಓದುಗಿ, ಮಂಜೇಶ್ವರ

ಸಂಪಾದಕರ ಉತ್ತರ:

ನಿಮ್ಮ ದೂರು, ಡೈರಿ ಎರಡನ್ನೂ ಓದಿದೆ. ಡೈರಿಯೇ ಒಳ್ಳೆಯ ದೂರು. ದೂರಿನಲ್ಲಿ ನೀವು ಅವರು ಎಂಥವರು ಎಂದು ಬರೆದಿದ್ದೀರಿ, ಡೈರಿಯಲ್ಲಿ ಅವರು ಏನು ಮಾಡಿದರು ಎಂದು ಬರೆದಿದ್ದೀರಿ. ವಿಚಾರಣೆಗೆ ಬೇಕಾದ್ದು ಎರಡನೆಯದು.

ಮೊದಲು, ಇದು ಯಾರಿಗೆ ಹೋಗಬೇಕು ಅನ್ನುವುದು. ನೀವು ಹೇಳುತ್ತಿರುವುದು ಬರೀ ಒರಟು ನಡವಳಿಕೆಯಲ್ಲ, ಕೆಲಸದ ಜಾಗದ ಲೈಂಗಿಕ ಕಿರುಕುಳ. ಅದಕ್ಕೆ 2013ರ ಪ್ರತ್ಯೇಕ ಕಾನೂನಿದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕೆ ಹಿರಿಯ ಮಹಿಳಾ ಉದ್ಯೋಗಿಯೊಬ್ಬರು ಅಧ್ಯಕ್ಷೆ, ಹೊರಗಿನ ಸದಸ್ಯರೊಬ್ಬರು ಇರುತ್ತಾರೆ, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರು. ವಿಚಾರಣೆ ಮಾಡುವುದು ಈ ಸಮಿತಿ, ಎಚ್‌ಆರ್ ಅಲ್ಲ. ಹಾಗಾಗಿ ಪತ್ರದ ಮೇಲೆ 'ಅಧ್ಯಕ್ಷರು, ಆಂತರಿಕ ಸಮಿತಿ' ಎಂದೇ ಬರೆಯಿರಿ, ಎಚ್‌ಆರ್‌ಗೆ ಪ್ರತಿ ಕೊಡಿ. ಬರೀ ಎಚ್‌ಆರ್ ಮೇಲ್‌ಗೆ ಕಳಿಸಿದ ದೂರು 'ಮಾತಾಡಿ ಸರಿ ಮಾಡೋಣ' ಅನ್ನುವ ಫೋನಿಗೆ ಮುಗಿದುಹೋಗುವುದುಂಟು. ಸಮಿತಿಯಲ್ಲಿ ಯಾರಿದ್ದಾರೆ ಎಂದು ಎಚ್‌ಆರ್‌ಗೆ ಒಂದು ಸಾಲಿನ ಮೇಲ್ ಹಾಕಿ ಕೇಳಬಹುದು, ಕಾರಣ ಹೇಳಬೇಕಾಗಿಲ್ಲ. ಹತ್ತು ಜನಕ್ಕಿಂತ ಕಡಿಮೆ ಇರುವ ಸಂಸ್ಥೆಯಲ್ಲಿ ಕೆಲಸ ಮಾಡುವವರಿಗೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ನಮ್ಮ ಕಾಸರಗೋಡು ಜಿಲ್ಲೆಯವರು ವಿದ್ಯಾನಗರದ ಕಲೆಕ್ಟರೇಟ್‌ನಲ್ಲಿ ವಿಚಾರಿಸಬಹುದು.

ಈಗ ಬರವಣಿಗೆ. ನಿಮ್ಮ ಕರಡಿನಲ್ಲಿ ಈ ಸಾಲಿದೆ: 'ಅವರದು ಕೆಟ್ಟ ದೃಷ್ಟಿ, ಎಲ್ಲ ಹುಡುಗಿಯರ ಹತ್ತಿರವೂ ಹೀಗೇ, ನನಗೆ ತುಂಬಾ ಹಿಂಸೆಯಾಗಿದೆ.' ಇದು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ ಅವರು 'ಇಲ್ಲ' ಎಂದುಬಿಟ್ಟರೆ ಸಮಿತಿಗೆ ಮುಂದೆ ಕೇಳಲು ಏನೂ ಉಳಿಯುವುದಿಲ್ಲ. ನಿಮ್ಮ ಡೈರಿಯ ವಿವರಗಳನ್ನೇ ಜೋಡಿಸಿದರೆ ಹೀಗಾಗುತ್ತದೆ:

'2026 ಜನವರಿ 9, ಶುಕ್ರವಾರ, ಸಂಜೆ ಸುಮಾರು 5.30. ನಾನು ಕೌಂಟರ್‌ನಲ್ಲಿ ದಿನದ ಕ್ಯಾಶ್ ತಾಳೆ ನೋಡುತ್ತಿದ್ದೆ. ಅವರು ಹಿಂದಿನಿಂದ ಬಂದು ನನ್ನ ಬಲ ಭುಜದ ಮೇಲೆ ಕೈಯಿಟ್ಟರು. ನಾನು ಕುರ್ಚಿ ಸರಿಸಿ, ಸರ್ ಮುಟ್ಟಬೇಡಿ ಎಂದೆ. ಇಷ್ಟಕ್ಕೆಲ್ಲ ಯಾಕೆ ಸಿಟ್ಟು ಎಂದು ಅವರು ನಕ್ಕರು. ಕ್ಯಾಶಿಯರ್ ಎದುರಿನ ಕೌಂಟರ್‌ನಲ್ಲಿದ್ದರು. ಅದೇ ರಾತ್ರಿ 10.52ಕ್ಕೆ ವಾಟ್ಸಾಪ್‌ನಲ್ಲಿ ಮೆಸೇಜ್ ಬಂತು. ಅದನ್ನು ಇದರ ಜೊತೆ ಇಟ್ಟಿದ್ದೇನೆ.'

ಇದರಲ್ಲಿ ಒಂದು ಬೈಗುಳವೂ ಇಲ್ಲ, ಆದರೂ ಇದು ಎಷ್ಟು ಗಟ್ಟಿ ನೋಡಿ. ಒಂದೊಂದು ವಾಕ್ಯವನ್ನೂ ಪರಿಶೀಲಿಸಬಹುದು. ಕ್ಯಾಶಿಯರನ್ನು ಕೇಳಬಹುದು, ಫೋನ್ ನೋಡಬಹುದು. ಚಿನ್ನ ಇಡುವ ಶಾಖೆ ಅಂದಮೇಲೆ ಸಿಸಿಟಿವಿ ಇದ್ದೇ ಇರುತ್ತದೆ ಅಲ್ವಾ? ಆದರೆ ಹಳೆಯ ರೆಕಾರ್ಡಿಂಗ್ ಮೇಲೆ ಹೊಸದು ಬೀಳುತ್ತಾ ಹೋಗುತ್ತದೆ. ಅದಕ್ಕೇ 'ಜನವರಿ 9ರ ಸಂಜೆ 5ರಿಂದ 6ರವರೆಗಿನ ದೃಶ್ಯ ಉಳಿದಿದ್ದರೆ ತೆಗೆದಿಡಿ' ಅನ್ನುವ ಸಾಲನ್ನು ದೂರಿನ ಮೊದಲ ಪುಟದಲ್ಲೇ ಹಾಕಿ. ಸಮಯ ಸರಿಯಾಗಿ ನೆನಪಿಲ್ಲದ ಕಡೆ 'ಸುಮಾರು' ಎಂದೇ ಬರೆಯಿರಿ. ನೆನಪಿಲ್ಲದ್ದನ್ನು ನೆನಪಿದೆ ಎಂದು ಬರೆದ ಒಂದು ಸಾಲು ಸಿಕ್ಕಿಬಿದ್ದರೆ ಉಳಿದ ಹತ್ತು ಸಾಲಿನ ಮೇಲೂ ಸಂಶಯ ಬರುತ್ತದೆ.

'ಹಿಂಸೆಯಾಗಿದೆ' ಅನ್ನುವುದನ್ನು ಬಿಡಬೇಡಿ, ಆದರೆ ಏನಾಯಿತು ಅಂತ ಹೇಳಿ. ಕೌಂಟರ್ ಬದಲಿಸಿಕೊಂಡೆ, ಸಂಜೆ ಒಬ್ಬಳೇ ಉಳಿಯುವುದನ್ನು ಬಿಟ್ಟೆ ಎಂದು ನೀವೇ ಡೈರಿಯಲ್ಲಿ ಬರೆದಿದ್ದೀರಲ್ಲ, ಅದು ಸಾಕು.

ನೀವು ಡೈರಿಯಲ್ಲಿ ಬರೆದಿರುವ ಇನ್ನೊಬ್ಬ ಹುಡುಗಿಯ ವಿಷಯ ಸ್ವಲ್ಪ ಸೂಕ್ಷ್ಮ. ಅವರು ನಿಮಗೆ ಹೇಳಿದ್ದು ನಿಮಗೆ ಗೊತ್ತು, ಅಲ್ಲಿ ನಡೆದದ್ದು ನೀವು ನೋಡಿಲ್ಲ. ಅವರನ್ನು ಕೇಳದೆ ಹೆಸರು ಬರೆಯಬೇಡಿ. ಅವರಿಗೆ ತಾವೇ ದೂರು ಕೊಡಲು ಆಗದಿದ್ದರೆ, ಅವರ ಲಿಖಿತ ಒಪ್ಪಿಗೆ ಪಡೆದು ವಿಷಯ ಗೊತ್ತಿರುವ ಬೇರೆಯವರು ಕೊಡಲು ನಿಯಮದಲ್ಲಿ ದಾರಿ ಇದೆ. ಅದು ಅವರ ದೂರಾಗಿ ಬೇರೆಯೇ ಹೋಗಲಿ.

ಭಾಷೆಯ ಬಗ್ಗೆ ಗಾಬರಿ ಬೇಡ. ದೂರನ್ನು ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಬರೆಸಿ, ಆದರೆ ಆ ಸೀನಿಯರ್ ಕನ್ನಡದಲ್ಲಿ, ತುಳುವಿನಲ್ಲಿ ಆಡಿದ ಮಾತನ್ನು ಹಾಗೇ ಇಟ್ಟು ಕೆಳಗೆ ಅರ್ಥ ಕೊಡಿ. ನಮ್ಮ ಕಡೆ ಮಾತಿನ ಅರ್ಧ ಅರ್ಥ ಏಕವಚನ, ಬಹುವಚನದಲ್ಲೇ ಇರುತ್ತದೆ. ಹಗಲು 'ನೀವು' ಅನ್ನುವವರು ರಾತ್ರಿಯ ಮೆಸೇಜಿನಲ್ಲಿ 'ನೀನು' ಅಂದಿದ್ದಾರೆ. ಇಂಗ್ಲಿಷಿಗೆ ಹೋದರೆ ಆ ವ್ಯತ್ಯಾಸ ಪೂರ್ತಿ ಮಾಯ. ಅದನ್ನು ಒಂದು ವಾಕ್ಯದಲ್ಲಿ ವಿವರಿಸಿ. ಬರೆಯುವುದೇ ಕಷ್ಟವಾದರೆ, ದೂರನ್ನು ಬರಹಕ್ಕಿಳಿಸಲು ಸಹಾಯ ಮಾಡುವುದು ಸಮಿತಿಯವರ ಕರ್ತವ್ಯ ಎಂದು ಕಾನೂನೇ ಹೇಳುತ್ತದೆ.

ವಾಟ್ಸಾಪ್ ಚಾಟ್ ಅಳಿಸಬೇಡಿ, ಅವರನ್ನು ಬ್ಲಾಕ್ ಮಾಡಿದರೂ ಚಾಟ್ ಇರಲಿ. ಸ್ಕ್ರೀನ್‌ಶಾಟ್‌ನಲ್ಲಿ ದಿನಾಂಕ ಕಾಣಬೇಕು. ನೀವು ಸೇವ್ ಮಾಡಿಕೊಂಡ ಹೆಸರು ಮಾತ್ರ ಕಂಡರೆ ಸಾಲದು, ನಂಬರ್ ಕಾಣುವ ಪುಟದ್ದೂ ಒಂದು ತೆಗೆಯಿರಿ. ನೀವು ಕೊಟ್ಟ ಉತ್ತರಗಳನ್ನು ಕತ್ತರಿಸಬೇಡಿ. ಒಮ್ಮೆ ಸ್ಮೈಲಿ ಹಾಕಿ ಸುಮ್ಮನಾಗಿದ್ದೇನೆ ಎಂದು ನಾಚಿಕೊಂಡಿದ್ದೀರಿ. ಇರಲಿ ಬಿಡಿ, ಅಪ್ರೈಸಲ್ ಬರೆಯುವವರಿಗೆ ಹೆದರಿ ಹಾಗೆ ಮಾಡಿದೆ ಎಂದು ನೀವೇ ಮೊದಲು ಹೇಳಿ. ಅವರ ಕೈಯಿಂದ ಅದು ಹೊರಬಂದರೆ ಬಚ್ಚಿಟ್ಟಂತೆ ಕಾಣುತ್ತದೆ.

ಅಪ್ರೈಸಲ್ ವಿಷಯಕ್ಕೆ ದೂರಿನ ಕೊನೆಯಲ್ಲಿ ಸ್ಪಷ್ಟವಾಗಿ ಕೇಳಿ: ವಿಚಾರಣೆ ಮುಗಿಯುವವರೆಗೆ ನನ್ನ ಕೆಲಸದ ವರದಿಯನ್ನು ಬೇರೆಯವರು ಬರೆಯಲಿ. ಈ ಮಧ್ಯಂತರ ಪರಿಹಾರ ನಿಯಮದಲ್ಲೇ ಇದೆ, ಆದರೆ ಲಿಖಿತವಾಗಿ ಕೇಳಬೇಕು. ನಿಮ್ಮಿಬ್ಬರಲ್ಲಿ ಒಬ್ಬರ ವರ್ಗಾವಣೆ, ಅಥವಾ ನಿಮಗೆ ಮೂರು ತಿಂಗಳವರೆಗಿನ ರಜೆಯನ್ನೂ ಕೇಳಬಹುದು.

ಸಾಬೀತಾಗದಿದ್ದರೆ ನನ್ನ ಮೇಲೇ ಬರುತ್ತದಾ ಎಂದು ಕರಡಿನ ಅಂಚಿನಲ್ಲಿ ಬರೆದಿದ್ದೀರಿ. ಇಲ್ಲ. ಪುರಾವೆ ಸಾಲಲಿಲ್ಲ ಅನ್ನುವುದೊಂದೇ ಕಾರಣಕ್ಕೆ ದೂರುದಾರಳ ಮೇಲೆ ಕ್ರಮ ಇಲ್ಲ. ಬೇಕೆಂದೇ ಸುಳ್ಳು ಹೇಳಿದರು ಎಂದು ವಿಚಾರಣೆಯಲ್ಲೇ ಸಿದ್ಧವಾಗಬೇಕು. ಕಂಡದ್ದನ್ನು ಮಾತ್ರ ಬರೆಯಿರಿ ಎಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ರಾಜಿಯ ಮಾತು ಬರಬಹುದು. ರಾಜಿ ನೀವು ಕೇಳಿದರೆ ಮಾತ್ರ, ಅದೂ ಹಣದ ಮೇಲೆ ಅಲ್ಲ. ರಾಜಿಯಾದ ಮೇಲೆ ಅದರ ವಿಚಾರಣೆ ಮುಂದುವರಿಯುವುದಿಲ್ಲ, ಯೋಚಿಸಿ. ಫೋನಿನಲ್ಲಿ ಯಾರಾದರೂ ಮಾತಾಡಿದರೆ ಅದೇ ದಿನ 'ಇವತ್ತು ನೀವು ಹೀಗೆ ಹೇಳಿದಿರಿ' ಎಂದು ಮೇಲ್ ಹಾಕಿ. ಸ್ಟೇಟಸ್‌ನಲ್ಲಿ, ಗ್ರೂಪಿನಲ್ಲಿ ಏನೂ ಬೇಡ, ದೂರಿನ ವಿವರ ಗುಟ್ಟಾಗಿರಬೇಕು ಎಂಬ ನಿಯಮ ನಿಮಗೂ ಅನ್ವಯಿಸುತ್ತದೆ. ಮೈ ಮುಟ್ಟಿದ್ದಕ್ಕೆ ಪೊಲೀಸರ ಬಳಿ ಹೋಗುವ ದಾರಿಯೂ ತೆರೆದೇ ಇದೆ.

ಸಮಯ ಜಾಸ್ತಿ ಇಲ್ಲ. ಸರಣಿಯಾಗಿ ನಡೆದಿದ್ದರೆ ಕೊನೆಯ ಘಟನೆಯಿಂದ ಮೂರು ತಿಂಗಳ ಒಳಗೆ ದೂರು ಕೊಡಬೇಕು. ನಿಮ್ಮ ಲೆಕ್ಕಕ್ಕೆ ಅದು ಏಪ್ರಿಲ್ 23. ತಡವಾದರೆ ಸಮಿತಿ ಕಾರಣ ದಾಖಲಿಸಿ ಇನ್ನೂ ಮೂರು ತಿಂಗಳವರೆಗೆ ಕೊಡಬಹುದು, ಆದರೆ ಅದನ್ನು ನಂಬಿ ಕೂರಬೇಡಿ. ಪುರಾವೆ ಮತ್ತು ಸಾಕ್ಷಿಗಳ ಹೆಸರು, ವಿಳಾಸ ಸೇರಿಸಿ ಆರು ಪ್ರತಿ ಮಾಡಿ, ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಅದೇ ದಿನ ಮೇಲ್‌ನಲ್ಲೂ ಹಾಕಿ, ಅಂಚೆಯ ರಸೀದಿಯನ್ನು ಡೈರಿಯ ಜೊತೆಗೇ ಇಟ್ಟುಕೊಳ್ಳಿ. ದೂರು ಮುಟ್ಟಿ ಏಳು ಕೆಲಸದ ದಿನಗಳಲ್ಲಿ ಅದರ ಪ್ರತಿ ಆ ಸೀನಿಯರ್‌ಗೆ ಹೋಗುತ್ತದೆ. ಆ ವಾರದಿಂದ ಶಾಖೆಯಲ್ಲಿ ಅವರ ಜೊತೆ ಒಬ್ಬರೇ ಇರುವ ಪಾಳಿ ಬೇಡ ಎಂದು ದೂರಿನಲ್ಲೇ ಕೇಳಿಬಿಡಿ.