ಮುಟ್ಟು ನಿಲ್ಲುವ ವಯಸ್ಸಲ್ಲಿ ಮೈಗ್ರೇನ್ ಜೋರಾದರೆ: 21 ಮಾತ್ರೆಯ ಸ್ಟ್ರಿಪ್ ಮುಂದುವರಿಸಬಹುದಾ?

ಪ್ರಶ್ನೆ: ನನಗೆ 47, ಊರು ದಾವಣಗೆರೆ. ಮೊದಲಿಂದ ಅರೆತಲೆನೋವಿದೆ, ಆದ್ರೆ ಮುಟ್ಟಿನ ಹೊತ್ತಲ್ಲಿ ಮಾತ್ರ ಬರ್ತಿತ್ತು. ಈಗ ಮುಟ್ಟು ಒಮ್ಮೆ 22 ದಿನಕ್ಕೆ, ಒಮ್ಮೆ 50 ದಿನಕ್ಕೆ, ಹೋಗೋದೂ ಜಾಸ್ತಿ. ಅದಕ್ಕೆ 21 ಮಾತ್ರೆ ತಗೊಂಡು 7 ದಿನ ಬಿಡೋ ಸ್ಟ್ರಿಪ್ ಕೊಟ್ಟಿದಾರೆ. ಬಿಟ್ಟ ವಾರದಲ್ಲೇ ತಲೆ ಸೀಳಿ ಹೋಗುತ್ತೆ, ಅದಕ್ಕೂ ಮೊದಲು ಕಣ್ಣ ಮುಂದೆ ಅಂಕುಡೊಂಕು ಬೆಳಕು ಕುಣಿಯುತ್ತೆ. ಗರ್ಭಕೋಶ ತೆಗೆಸಿಬಿಡು, ಎರಡೂ ಹೋಗುತ್ತೆ ಅಂತಾರೆ ಮನೇಲಿ. ಏನು ಮಾಡ್ಲಿ?

ಅಕ್ಕಾ, ಮೊದಲು ಸ್ಟ್ರಿಪ್ಪಿನ ಹಿಂದೆ ಏನು ಬರೆದಿದೆ ನೋಡಿ. ಎಥಿನೈಲ್ ಎಸ್ಟ್ರಾಡಿಯಾಲ್ ಅಂತ ಇದ್ದರೆ ಅದು ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನಿನ ಮಾತ್ರೆ; ಮುಂದಿನ ಸ್ಟ್ರಿಪ್ ಶುರು ಮಾಡಬೇಡಿ, ಕೊಟ್ಟ ಡಾಕ್ಟರನ್ನು ಈ ವಾರವೇ ನೋಡಿ. ನೋವಿಗೆ ಮುಂಚೆ ಬರುವ ಆ ಅಂಕುಡೊಂಕು ಬೆಳಕಿಗೆ ಔರಾ ಅನ್ನುತ್ತಾರೆ. ಔರಾ ಇರುವವರಿಗೆ ಈ ಮಾತ್ರೆಯಿಂದ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತೆ. ವಯಸ್ಸು 35 ದಾಟಿದ ಮೇಲಂತೂ ಯಾರೂ ಬರೆಯಬಾರದು. ನೀವು ಬೆಳಕಿನ ವಿಷಯ ಹೇಳಿರಲಿಕ್ಕಿಲ್ಲ, ಅವರೂ ಕೇಳಿರಲಿಕ್ಕಿಲ್ಲ. ಬರೀ ನಾರ್‌ಎಥಿಸ್ಟೆರಾನ್ ಇದ್ದರೆ ಅದು ಈಸ್ಟ್ರೋಜನ್ ಸೇರಿಸದ ಬೇರೆ ಮಾತ್ರೆ, ಅಷ್ಟು ಗಾಬರಿ ಬೇಡ. ಆದರೂ ಬೆಳಕಿನ ಮಾತು ಹೇಳಲೇಬೇಕು.

ಬಿಟ್ಟ ವಾರದಲ್ಲೇ ನೋವು ಯಾಕೆ? ಮೈಗ್ರೇನ್ ಕೆರಳಿಸುವುದು ಈಸ್ಟ್ರೋಜನ್ ಕಡಿಮೆ ಇರುವುದಲ್ಲ, ಮೇಲಿದ್ದದ್ದು ದಿಢೀರ್ ಇಳಿಯುವುದು. ಮುಂಚೆ ಆ ಇಳಿತ ತಿಂಗಳಿಗೊಂದು ಸಲ, ಮುಟ್ಟಿಗೆ ಸ್ವಲ್ಪ ಮೊದಲು ಆಗುತ್ತಿತ್ತು. ಈಗ ಅಂಡಾಶಯ ಒಂದು ತಿಂಗಳು ವಿಪರೀತ ಸುರಿಸುತ್ತೆ, ಇನ್ನೊಂದು ತಿಂಗಳು ಸುಮ್ಮನಿರುತ್ತೆ, ಹಾಗಾಗಿ ಯಾವಾಗ ಬೇಕಾದರೂ ಇಳಿಯುತ್ತೆ. ಅದರ ಮೇಲೆ ನಿಮ್ಮ ಸ್ಟ್ರಿಪ್, ಏಳು ದಿನದ ಬಿಡುವಲ್ಲಿ ಮತ್ತೊಂದು ಇಳಿತ ತರುತ್ತಿದೆ. ಇಂಥ ನೋವು ಸಾಮಾನ್ಯವಾಗಿ ಮಾತ್ರೆ ಬಿಟ್ಟ ಐದು ದಿನದೊಳಗೆ ಶುರುವಾಗುತ್ತೆ. ಹಾಗಾಗಿ ಮಾತ್ರೆ ನಿಲ್ಲಿಸಿದ ಮೇಲೂ ಒಂದು ಸಲ ಬರಬಹುದು, ಅದಕ್ಕೆ ಹೆದರಿ ಮತ್ತೆ ಶುರು ಮಾಡಬೇಡಿ. ಗರ್ಭ ತಡೆಯಲೂ ಇದನ್ನೇ ನೆಚ್ಚಿಕೊಂಡಿದ್ದರೆ ಸದ್ಯಕ್ಕೆ ಕಾಂಡೋಮ್ ಇರಲಿ.

ಈಗ ರಕ್ತಸ್ರಾವದ ಮಾತು. 45 ದಾಟಿ ಹೀಗೆ ಹೋಗುತ್ತಿದ್ದರೆ ಸ್ಕ್ಯಾನಿಂಗ್ ಆಗಬೇಕು, ಗರ್ಭಕೋಶದ ಒಳಪದರದ ಬಯಾಪ್ಸಿಯೂ ಬೇಕಾಗಬಹುದು. ಹಿಮೋಗ್ಲೋಬಿನ್ ನೋಡಿಸಿ, ರಕ್ತ ಕಮ್ಮಿಯಿದ್ದರೂ ತಲೆನೋವು ಬರುತ್ತೆ. ಒಳಗೆ ಕೆಟ್ಟದ್ದೇನೂ ಇಲ್ಲವೆಂದಾದರೆ ನಾನು ಮೊದಲು ಕೇಳಿ ಅನ್ನುವುದು ಗರ್ಭಕೋಶದೊಳಗೆ ಕೂರಿಸುವ, ಲೆವೊನಾರ್‌ಜೆಸ್ಟ್ರೆಲ್ ಹಾರ್ಮೋನು ಇರುವ ವಂಕಿ. ಸ್ರಾವ ತುಂಬಾ ಇಳಿಸುತ್ತೆ, ಗರ್ಭ ತಡೆಯುತ್ತೆ, ಈಸ್ಟ್ರೋಜನ್ ಇರುವುದಿಲ್ಲ. ಮುಂದೆ ಮೈ ಬಿಸಿಯೇರಿ ಬೆವರುವುದು, ನಿದ್ದೆ ಕೆಡುವುದು ಶುರುವಾದರೆ ಅದರ ಜೊತೆಗೇ ಚರ್ಮಕ್ಕೆ ಹಚ್ಚುವ ಎಸ್ಟ್ರಾಡಿಯಾಲ್ ಜೆಲ್ ಸೇರಿಸಬಹುದು. ಔರಾ ಇರುವವರಿಗೆ ಇದು ಹೇಗೆ ಸರಿ ಅಂತ ಕೇಳುತ್ತೀರಿ. ಜೆಲ್ಲಿನಲ್ಲಿರುವುದು ದೇಹದ್ದೇ ಈಸ್ಟ್ರೋಜನ್, ಪ್ರಮಾಣ ಸಣ್ಣದು. ಚರ್ಮದಿಂದ ನೇರ ರಕ್ತಕ್ಕೆ ಹೋಗುವುದರಿಂದ ಲಿವರಿನಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶ ಹೆಚ್ಚುವುದಿಲ್ಲ, ಮಟ್ಟವೂ ಮಾತ್ರೆಯಷ್ಟು ಏರಿಳಿಯುವುದಿಲ್ಲ. 0.06% ಜೆಲ್ ಆದರೆ 1.25 ಗ್ರಾಮಿನಿಂದ ಶುರು, ದಿನಾ ಒಂದೇ ಹೊತ್ತಿಗೆ, ತೋಳಿಗೋ ತೊಡೆಗೋ, ಎದೆಗೆ ಬೇಡ. ಮಧ್ಯೆ ಬಿಟ್ಟರೆ ಮತ್ತದೇ ಇಳಿತ. ಹಚ್ಚಿದ ಮೇಲೆ ಔರಾ ಹೆಚ್ಚಾದರೆ ಪ್ರಮಾಣ ಜಾಸ್ತಿಯಾಗಿದೆ ಅಂತರ್ಥ, ಇಳಿಸಲು ಹೇಳಿ. ಸ್ತನದ ಕ್ಯಾನ್ಸರ್ ಆಗಿದ್ದವರಿಗೆ ಈ ದಾರಿ ಇಲ್ಲ. ಅಂಥವರಿಗೆ ವೆನ್ಲಾಫ್ಯಾಕ್ಸಿನ್ 37.5 ಮಿ.ಗ್ರಾಂ.ನಿಂದ ಶುರುಮಾಡಿ 75ಕ್ಕೆ ಏರಿಸುತ್ತಾರೆ, ಬೆವರು, ಮೈಗ್ರೇನ್ ಎರಡಕ್ಕೂ ಆಗುತ್ತೆ. ಬಿಪಿ ನೋಡುತ್ತಿರಬೇಕು.

ನೋವು ಬಂದಾಗ ನೋವು ತಗ್ಗಿಸುವ ನ್ಯಾಪ್ರಾಕ್ಸೆನ್ 500 ಮತ್ತು ಹೊಟ್ಟೆಯನ್ನು ಮುಂದೆ ಸಾಗಿಸುವ ಡಾಂಪೆರಿಡೋನ್ 10, ನೋವು ಏಳುತ್ತಿದ್ದಂತೆಯೇ ತಗೊಳ್ಳಬೇಕು. ಮೈಗ್ರೇನ್ ಬಂದಾಗ ಹೊಟ್ಟೆ ಮುಂದಕ್ಕೆ ಸಾಗಿಸುವುದಿಲ್ಲ, ತಡಮಾಡಿ ನುಂಗಿದ ಮಾತ್ರೆ ಅಲ್ಲೇ ಕೂರುತ್ತೆ. ನ್ಯಾಪ್ರಾಕ್ಸೆನ್ ಮುಟ್ಟಿನ ಸ್ರಾವವನ್ನೂ ಸ್ವಲ್ಪ ತಗ್ಗಿಸುತ್ತೆ. ಹೊಟ್ಟೆಹುಣ್ಣು, ಕಿಡ್ನಿ, ಹೃದಯದ ತೊಂದರೆ ಇದ್ದರೆ ಕೇಳದೆ ಬೇಡ. ಮೆಡಿಕಲ್‌ನಲ್ಲಿ ಬಿಡಿಯಾಗಿ ಸಿಗುವ, ಎರಡು ಮೂರು ಔಷಧ ಬೆರೆಸಿದ ತಲೆನೋವಿನ ಮಾತ್ರೆಗಳನ್ನು ತಿಂಗಳಿಗೆ ಹತ್ತು ದಿನ ನುಂಗಿದರೆ ಆ ಮಾತ್ರೆಯೇ ತಲೆನೋವು ತರುತ್ತೆ. ಕ್ಯಾಲೆಂಡರಿನಲ್ಲೇ ಬರೆದಿಡಿ: ನೋವು ಬಂದ ದಿನ "ನೋ", ಮಾತ್ರೆಗೆ "ಮಾ", ಬೆಳಕಿಗೆ "ಬೆ", ಮುಟ್ಟಿಗೆ "ಮು". ಮೂರು ತಿಂಗಳ ಹಾಳೆ ತೋರಿಸಿದರೆ ಡಾಕ್ಟರಿಗೆ ಅರ್ಧ ಕೆಲಸ ಮುಗಿದಂತೆ.

ಮನೆಯವರ ಸಲಹೆಗೆ ಬರೋಣ. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದರೆ ಈಸ್ಟ್ರೋಜನ್ ಒಂದೇ ದಿನದಲ್ಲಿ ಕುಸಿಯುತ್ತೆ, ಮೈಗ್ರೇನ್ ಎಷ್ಟೋ ಜನರಿಗೆ ಮೊದಲಿಗಿಂತ ಕೆಡುತ್ತೆ. ಸ್ರಾವಕ್ಕೆ ಬೇರೆ ಕಾರಣವಿದ್ದು ತೆಗೆಯಲೇಬೇಕೆಂದರೆ ಬೇರೆ ಮಾತು, ತಲೆನೋವಿಗಂತ ಖಂಡಿತಾ ಬೇಡ. ತಾನಾಗಿ ಮುಟ್ಟು ನಿಂತು ಒಂದೆರಡು ವರ್ಷ ಕಳೆದರೆ ಹೆಚ್ಚಿನವರಿಗೆ ನೋವು ತಗ್ಗುತ್ತೆ. ಔರಾ ಮಾತ್ರ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಔರಾದ ಬೆಳಕು ಮೆಲ್ಲಗೆ ಹರಡಿ 5ರಿಂದ 60 ನಿಮಿಷದಲ್ಲಿ ಹೋಗುತ್ತೆ. ಹಾಗಲ್ಲದೆ ಒಂದು ಕಣ್ಣು ಥಟ್ಟನೆ ಕತ್ತಲಾದರೆ, ಮುಖ ವಾಲಿದರೆ, ಕೈ ಸೋತರೆ, ಮಾತು ತೊದಲಿದರೆ ಮಾತ್ರೆ ನುಂಗಿ ಕಾಯುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.